ಹೆಡ್‌ಫೋನಿನಲ್ಲಿ ಇರುವ ಮಾತು ಫೋನಿನಲ್ಲಿ ಮಾಯ: ದೋಷ ಎಲ್ಲಿದೆ, ಹೇಗೆ ಹಿಡಿಯುವುದು

ಯೂಟ್ಯೂಬಿಗೆ ವಿಡಿಯೋ ಹಾಕಿ ಅರ್ಧ ಗಂಟೆ ಆಗಿತ್ತು. ಮೂಡಿಗೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದರು.

"ಏನ್ ಮಾರಾಯ, ಮೇಷ್ಟ್ರು ಬಾಯಿ ಆಡಿಸ್ತಾರೆ, ಮಾತೇ ಇಲ್ಲ. ಬರೀ ಕೊಳಲು ಕೇಳ್ತದೆ."

"ವಾಲ್ಯೂಮ್ ಜಾಸ್ತಿ ಮಾಡಿ ನೋಡಿ ಚಿಕ್ಕಪ್ಪ."

"ಜಾಸ್ತಿ ಮಾಡಿದ್ರೆ ಕೊಳಲು ಜಾಸ್ತಿ ಆಗ್ತದೆ."

ನಾನು ಚಿಕ್ಕಮಗಳೂರಿನ ನನ್ನ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಮಾತು ಚೆನ್ನಾಗಿಯೇ ಇತ್ತು. ಸಂಜೆಯೊಳಗೆ ಇನ್ನೂ ನಾಲ್ಕು ಜನ ಅದೇ ದೂರು ಹೇಳಿದರು. ಇಬ್ಬರು ಮಾತ್ರ "ನಮಗೆ ಸರಿ ಕೇಳ್ತದಲ್ಲ" ಎಂದರು. ವಿಚಾರಿಸಿದರೆ ಅವರಿಬ್ಬರೂ ಇಯರ್‌ಫೋನ್ ಹಾಕಿದ್ದರು.

ಅದು ಬೆಳೆಗಾರರ ಒಂದು ಸಭೆಯ ರೆಕಾರ್ಡಿಂಗ್. ಕಾಫಿ ತೋಟವಿರುವ ನಿವೃತ್ತ ಮೇಷ್ಟರೊಬ್ಬರು ಅರೇಬಿಕಾ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕದ ಬಗ್ಗೆ ನಲವತ್ತು ನಿಮಿಷ ಮಾತಾಡಿದ್ದರು. ದುಂಬಿ ಯಾವಾಗ ಹಾರುತ್ತದೆ, ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಅದರಲ್ಲಿತ್ತು. ತೋಟದಲ್ಲಿ ನಿಂತು ಫೋನಿನಲ್ಲಿ ಕೇಳಲಿ ಅಂತಲೇ ಮಾಡಿದ ವಿಡಿಯೋ. ಅದೇ ಫೋನಿನಲ್ಲಿ ಮಾತಿಲ್ಲ. ತಪ್ಪು ನನ್ನದೇ. ಅದೂ ಒಂದಲ್ಲ, ಒಂದರ ಮೇಲೊಂದು ಮೂರು. ಅವನ್ನು ಬಿಡಿಸಿದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿದರೆ ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದನ್ನು ಕೆಡಿಸುತ್ತೀರಿ. ನಾನು ಮಾಡಿದ್ದು ಅದನ್ನೇ.

ಮೊದಲು ದೂರನ್ನು ಸರಿಯಾಗಿ ಕೇಳಿಸಿಕೊಳ್ಳಿ

"ಸೌಂಡ್ ಸರಿ ಇಲ್ಲ" ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಕಾಯಿಲೆ ಇರುತ್ತವೆ. ವಾಲ್ಯೂಮ್ ಏರಿಸಿದರೆ ಮಾತು ಕೇಳುತ್ತದೆ ಅಂದರೆ ಮಟ್ಟ ಕಡಿಮೆ ಇದೆ, ಅಷ್ಟೆ. ಏರಿಸಿದರೂ ಮಾತು ಮಬ್ಬು, ಕಂಬಳಿ ಹೊದ್ದು ಮಾತಾಡಿದ ಹಾಗಿದೆ ಅಂದರೆ ಕೆಳಗಿನ ಸ್ವರ ಜಾಸ್ತಿ ಇದೆ, ಅಥವಾ ಸಂಗೀತ ಮಾತಿನ ಮೇಲೆ ಕೂತಿದೆ. ಏರಿಸಿದರೂ ಮಾತು ಬರುವುದೇ ಇಲ್ಲ, ಜೊತೆಗಿದ್ದ ಸಂಗೀತ ಮಾತ್ರ ಸರಿಯಾಗಿದೆ, ಇಯರ್‌ಫೋನ್ ಹಾಕಿದರೆ ಮಾತು ವಾಪಸ್ ಬರುತ್ತದೆ ಅಂದರೆ ಅದು ಬೇರೆಯೇ ಜಾತಿ. ಎಡ ಮತ್ತು ಬಲ ಚಾನೆಲ್‌ಗಳಲ್ಲಿ ಒಂದೇ ಮಾತು ಒಂದಕ್ಕೊಂದು ಉಲ್ಟಾ ಕೂತಿದೆ ಎಂದರ್ಥ.

ಉಲ್ಟಾ ಅಂದರೆ ಏನು? ಸ್ಪೀಕರಿನ ಪರದೆ ಮುಂದೆ ಹಿಂದೆ ಅಲುಗಾಡಿದಾಗ ಶಬ್ದ ಹುಟ್ಟುತ್ತದೆ. ಎಡ ಚಾನೆಲ್ "ಮುಂದೆ ಬಾ" ಎಂದಾಗ ಬಲ ಚಾನೆಲ್ "ಹಿಂದೆ ಹೋಗು" ಎನ್ನುತ್ತಿದೆ ಅಂದುಕೊಳ್ಳಿ. ಹೆಡ್‌ಫೋನಿನಲ್ಲಿ ಎರಡು ಕಿವಿಗೆ ಎರಡು ಬೇರೆ ಸ್ಪೀಕರ್. ಒಂದರ ಶಬ್ದ ಇನ್ನೊಂದಕ್ಕೆ ತಾಗುವುದಿಲ್ಲ, ಹಾಗಾಗಿ ಎರಡೂ ಕೇಳುತ್ತವೆ. ಒಂದೇ ಸ್ಪೀಕರ್ ಇರುವ ಫೋನ್ ಎರಡೂ ಚಾನೆಲ್ ಕೂಡಿಸಿ ಒಂದೇ ಪರದೆಗೆ ಕೊಡುತ್ತದೆ. ಒಂದು ಕೂಡು, ಒಂದು ಕಳೆ. ಉಳಿಯುವುದು ಸೊನ್ನೆ. ಆಮೇಲೆ ನಾನು ಎಡಿಟ್ ಮಾಡುವಾಗ ಸೇರಿಸಿದ ಕೊಳಲು ಸರಿಯಾದ ಸ್ಟೀರಿಯೋ. ಅದಕ್ಕೆ ಏನೂ ಆಗುವುದಿಲ್ಲ. ಚಿಕ್ಕಪ್ಪನಿಗೆ ಬರೀ ಕೊಳಲು ಕೇಳಿದ್ದು ಇದಕ್ಕೇ.

ಪೂರ್ತಿ ಸೊನ್ನೆ ಆಗುವುದು ಕಡಿಮೆ. ಎರಡು ಚಾನೆಲ್‌ಗಳ ಮಟ್ಟದಲ್ಲಿ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಜೊತೆಗೆ ವಿಡಿಯೋ ಹಾಕುವಾಗ ಆಡಿಯೋ ಕುಗ್ಗಿಸುತ್ತಾರಲ್ಲ, ಅದರಲ್ಲೂ ಚೂರು ಬದಲಾಗುತ್ತದೆ. ಹಾಗಾಗಿ ಬಾವಿಯೊಳಗಿಂದ ಯಾರೋ ಗೊಳಗೊಳ ಅಂದ ಹಾಗೆ ಒಂದು ದೆವ್ವದ ದನಿ ಉಳಿದಿರುತ್ತದೆ. ಇದನ್ನು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಈಗಿನ ಎಷ್ಟೋ ಫೋನುಗಳಲ್ಲಿ ಎರಡು ಸ್ಪೀಕರ್ ಇವೆ, ಕೆಳಗೊಂದು ಮತ್ತು ಕಿವಿಗೆ ಹಿಡಿಯುವ ಕಡೆ ಒಂದು. ಅವುಗಳಲ್ಲಿ ಮಾತು ಪೂರ್ತಿ ಹೋಗುವುದಿಲ್ಲ. ತೆಳ್ಳಗಾಗುತ್ತದೆ, ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ. ಹೀಗಾಗಿ ಒಬ್ಬರು "ಇಲ್ಲವೇ ಇಲ್ಲ" ಅಂದರೆ ಇನ್ನೊಬ್ಬರು "ಸ್ವಲ್ಪ ಸಣ್ಣ ಕೇಳುತ್ತೆ" ಅಂತಾರೆ. ದೂರುಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ಯಾರನ್ನೂ ತಳ್ಳಿಹಾಕಬೇಡಿ. ಯಾರ ಹತ್ತಿರ ಯಾವ ಫೋನ್ ಇದೆ ಎಂದು ಕೇಳಿ.

ಪಕ್ಕಾ ಮಾಡಿಕೊಳ್ಳುವುದು

ಕಂಪ್ಯೂಟರ್ ಇಲ್ಲದೆಯೂ ನೋಡಬಹುದು. ಆಂಡ್ರಾಯ್ಡ್ ಫೋನಿನಲ್ಲೂ ಐಫೋನಿನಲ್ಲೂ Accessibility ಸೆಟಿಂಗಿನೊಳಗೆ Mono audio ಎಂದು ಒಂದು ಸ್ವಿಚ್ ಇದೆ. ಇಯರ್‌ಫೋನ್ ಹಾಕಿಕೊಂಡು ವಿಡಿಯೋ ಓಡಿಸಿ, ಆ ಸ್ವಿಚ್ ಒತ್ತಿ. ಮಾತು ಥಟ್ಟನೆ ಮಾಯವಾದರೆ ಕಳ್ಳ ಸಿಕ್ಕಿದ ಹಾಗೆ. ಸ್ವಿಚ್ ಆಫ್ ಇದ್ದಾಗ ಮಾತು ತಲೆಯ ನಡುಮಧ್ಯದಲ್ಲಿ ಇರುವುದಿಲ್ಲ, ಎರಡು ಕಿವಿಯ ಆಚೆ ಹರಡಿಕೊಂಡಿರುತ್ತದೆ. ನಾನು ಎಡಿಟ್ ಮಾಡುವಾಗ ಇದನ್ನು ಗಮನಿಸಿದ್ದೆ. "ಪರವಾಗಿಲ್ಲ, ಹಾಲ್ ದೊಡ್ಡದು, ಹರಡಿದ ಹಾಗೆ ಬಂದಿದೆ" ಎಂದು ಖುಷಿಪಟ್ಟಿದ್ದೆ. ಮೈಕಿನ ಮುಂದೆ ಒಬ್ಬರೇ ಮಾತಾಡಿದಾಗ ಮಾತು ನಡುವೆ ಇರಬೇಕು. ಹರಡಿದ್ದರೆ ಅದು ಚೆಂದವಲ್ಲ, ಸೂಚನೆ.

ಅಂಕಿಯಲ್ಲಿ ನೋಡಬೇಕಾದರೆ ಕಮಾಂಡ್ ಟೈಪ್ ಮಾಡಿ ಓಡಿಸುವ ffmpeg ಎಂಬ ಪ್ರೋಗ್ರಾಂ ಸಾಕು. ಸಂಗೀತ ಸೇರಿಸಿದ ವಿಡಿಯೋ ತೆಗೆದುಕೊಳ್ಳಬೇಡಿ, ಸಂಗೀತ ಲೆಕ್ಕ ತಪ್ಪಿಸುತ್ತದೆ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನೇ ತೆಗೆದುಕೊಳ್ಳಿ, ನನ್ನದರ ಹೆಸರು C0012.MP4. ಮೊದಲು ಎಡ ಚಾನೆಲ್ ಮಾತ್ರ ಅಳೆಯಿರಿ, ಆಮೇಲೆ ಎರಡನ್ನೂ ಕೂಡಿಸಿ ಅಳೆಯಿರಿ.

```
ffmpeg -i C0012.MP4 -vn -af "pan=mono|c0=c0,volumedetect" -f null -
ffmpeg -i C0012.MP4 -vn -af "pan=mono|c0=0.5*c0+0.5*c1,volumedetect" -f null -
```

ಎರಡರ ಕೊನೆಯಲ್ಲೂ mean_volume ಎಂಬ ಸಾಲು ಬರುತ್ತದೆ, ಅದು ಡೆಸಿಬೆಲ್ ಲೆಕ್ಕದಲ್ಲಿ ಸರಾಸರಿ ಮಟ್ಟ. ಎಡ ಬಲ ಎರಡರಲ್ಲೂ ಒಂದೇ ಮಾತು ಸರಿಯಾಗಿ ಇದ್ದರೆ ಎರಡು ಅಂಕಿಗಳೂ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಸಂಬಂಧವೇ ಇಲ್ಲದ, ಒಂದೇ ಮಟ್ಟದ ಶಬ್ದ ಇದ್ದರೆ ಕೂಡಿಸಿದ್ದು ಸುಮಾರು 3 ಡೆಸಿಬೆಲ್ ಕೆಳಗೆ ಬರುತ್ತದೆ. ನನ್ನ ಫೈಲಿನಲ್ಲಿ ಎಡ -21.4 ಇತ್ತು, ಕೂಡಿಸಿದ್ದು -43.0. ಇಷ್ಟು ಕುಸಿದರೆ ಬೇರೆ ವಿವರಣೆಯೇ ಇಲ್ಲ, ಚಾನೆಲ್ ಉಲ್ಟಾ ಇದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ವಿಡಿಯೋ ಹಾಕುವ ಮೊದಲು ನಾನು, ಒಟ್ಟಾರೆ ಎಷ್ಟು ಜೋರಿದೆ ಎಂದು ಅಳೆಯುವ ಲೌಡ್‌ನೆಸ್ ಮೀಟರ್ ನೋಡಿದ್ದೆ. ಅದು -14.2 ತೋರಿಸಿತ್ತು. ಯೂಟ್ಯೂಬಿಗೆ ಸರಿಯಾದ ಅಂಕಿ. ಆದರೆ ಈ ಮೀಟರ್ ಪ್ರತಿ ಚಾನೆಲ್‌ನ ಶಕ್ತಿಯನ್ನು ಬೇರೆ ಬೇರೆ ಅಳೆದು ಆಮೇಲೆ ಕೂಡಿಸುತ್ತದೆ. ಉಲ್ಟಾ ಇದ್ದರೂ ಶಕ್ತಿ ಶಕ್ತಿಯೇ, ಒಂದರಿಂದ ಇನ್ನೊಂದನ್ನು ಕಳೆಯುವುದಿಲ್ಲ. ಹಾಗಾಗಿ ಫೋನಿನಲ್ಲಿ ಮಾತೇ ಇಲ್ಲದ ವಿಡಿಯೋಗೂ ಮೀಟರ್ ಒಳ್ಳೆಯ ಅಂಕ ಕೊಡುತ್ತದೆ. ಮೀಟರ್ ನೋಡಿ ನೆಮ್ಮದಿಯಾಗಿ ಮಲಗಿದ್ದೆ ನಾನು.

ಎಲ್ಲಿಂದ ಬಂತು ಇದು

ಸಭೆಯಲ್ಲಿ ಮೈಕುಗಳ ದನಿ ಕೂಡಿಸುವ ಮಿಕ್ಸರಿನಿಂದ ನೇರವಾಗಿ ಕ್ಯಾಮೆರಾಗೆ ಕೇಬಲ್ ಎಳೆದಿದ್ದೆ. ಮೈಕಿನ ಮಾತು ಸ್ವಚ್ಛವಾಗಿ ಸಿಗುತ್ತದೆ, ಫ್ಯಾನಿನ ಗರಗರ ಇಲ್ಲ, ಜಿಂಕ್ ಶೀಟಿನ ಮೇಲೆ ಮಳೆ ಬಿದ್ದರೂ ಚಿಂತೆಯಿಲ್ಲ. ಯೋಚನೆ ಸರಿ, ಕೇಬಲ್ ತಪ್ಪು.

ಮಿಕ್ಸರಿನ ಮುಖ್ಯ ಔಟ್‌ಪುಟ್ ಸಾಮಾನ್ಯವಾಗಿ ಬ್ಯಾಲೆನ್ಸ್ಡ್ ಆಗಿರುತ್ತದೆ. ಒಂದೇ ಮಾತನ್ನು ಅದು ಎರಡು ತಂತಿಯಲ್ಲಿ ಕಳಿಸುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ಉಲ್ಟಾ. ಇನ್ನೊಂದು ತುದಿಯಲ್ಲಿರುವ ಸಾಧನ ಎರಡರ ವ್ಯತ್ಯಾಸ ತೆಗೆಯುತ್ತದೆ. ದಾರಿಯಲ್ಲಿ ಎರಡು ತಂತಿಗೂ ಸಮನಾಗಿ ಅಂಟಿದ ಕರೆಂಟಿನ ಗುಂಯ್ ಶಬ್ದ ಆಗ ಕಳೆದುಹೋಗುತ್ತದೆ. ಜಾಣ ಏರ್ಪಾಡು. ಆದರೆ ಕ್ಯಾಮೆರಾದ ಸಣ್ಣ ಮೈಕ್ ಜ್ಯಾಕ್ ಸ್ಟೀರಿಯೋ. ಅದಕ್ಕೆ ವ್ಯತ್ಯಾಸ ತೆಗೆಯಲು ಬರುವುದಿಲ್ಲ. ಮೂರು ಪಟ್ಟಿಯ ಪಿನ್ನಿನ ತುದಿಯಲ್ಲಿ ಬಂದದ್ದನ್ನು ಎಡ ಅಂದುಕೊಳ್ಳುತ್ತದೆ, ನಡುವಿನ ಪಟ್ಟಿಯಲ್ಲಿ ಬಂದದ್ದನ್ನು ಬಲ ಅಂದುಕೊಳ್ಳುತ್ತದೆ. ನೇರ ತಂತಿ ಎಡವಾಯಿತು, ಉಲ್ಟಾ ತಂತಿ ಬಲವಾಯಿತು. ಕೇಬಲ್ ಎರಡೂ ಕಡೆ ಸರಾಗವಾಗಿ ಕೂತಿತ್ತು, ಕ್ಯಾಮೆರಾದಲ್ಲಿ ಎರಡೂ ಮೀಟರ್ ಚೆನ್ನಾಗಿ ಕುಣಿಯುತ್ತಿದ್ದವು. ಅನುಮಾನ ಬರುವ ಹಾಗೇ ಇರಲಿಲ್ಲ.

ಸರಿಪಡಿಸುವುದು

ಒಳ್ಳೆಯ ಸುದ್ದಿ ಏನೆಂದರೆ ಏನೂ ಕಳೆದುಹೋಗಿಲ್ಲ. ಕ್ಯಾಮೆರಾ ಮಾಡಬೇಕಿದ್ದ ಕೆಲಸವನ್ನು ನಾವೇ ಈಗ ಮಾಡಬೇಕು. ಎಡದಿಂದ ಬಲವನ್ನು ಕಳೆಯಿರಿ.

```
ffmpeg -i C0012.MP4 -vn -af "pan=mono|c0=0.5*c0-0.5*c1" mathu.wav
```

ಉಲ್ಟಾ ಇರುವುದನ್ನು ಕಳೆದರೆ ಕೂಡಿಸಿದ ಹಾಗೆ ಆಯಿತು. ಮಾತು ಪೂರ್ತಿ ವಾಪಸ್ ಬರುತ್ತದೆ, ಕೇಬಲ್‌ಗೆ ಅಂಟಿದ್ದ ಗುಂಯ್ ಇದ್ದರೆ ಅದೂ ಇಳಿಯುತ್ತದೆ. ಒಡಾಸಿಟಿ ಎಂಬ ಆಡಿಯೋ ಎಡಿಟರಿನಲ್ಲಿ ಮಾಡುವವರು ಟ್ರ್ಯಾಕನ್ನು Split Stereo to Mono ಮೂಲಕ ಎರಡು ಮಾಡಿ, ಕೆಳಗಿನದಕ್ಕೆ Invert ಕೊಡಿ. ಎರಡನ್ನೂ 6 ಡೆಸಿಬೆಲ್ ಇಳಿಸಿ, ಆಮೇಲೆ ಕೂಡಿಸಿ. ಇಳಿಸದೆ ಕೂಡಿಸಿದರೆ ಜೋರಾಗಿ ಹೇಳಿದ ಕಡೆ ಒಡೆಯುತ್ತದೆ.

ಕೆಲವು ಮಿಕ್ಸರ್‌ಗಳಲ್ಲಿ ಎರಡನೆಯ ತಂತಿಯಲ್ಲಿ ಮಾತೇ ಇರುವುದಿಲ್ಲ. ಆಗ ಬಲ ಚಾನೆಲ್ ಖಾಲಿ ಇರುತ್ತದೆ, ಫೋನಿನಲ್ಲಿ ಮಾತು ಸಣ್ಣಗಾಗುತ್ತದೆಯೇ ಹೊರತು ಹೋಗುವುದಿಲ್ಲ. ಒಂದೇ ಕಿವಿಗೆ ಬಡ್ಸ್ ಹಾಕಿ ಕೇಳುವವರಿಗೆ, ಅದೂ ಬಲಗಿವಿ ಆದರೆ, ಏನೂ ಇಲ್ಲ. ಅಂಥ ಫೈಲಿನಲ್ಲಿ ಕಳೆಯುವ ಲೆಕ್ಕ ಬೇಡ, ಎಡವನ್ನೇ ಎರಡೂ ಕಡೆ ಹಾಕಿ.

ಇಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಂಡೆ. ಹಳೆಯ ಮಾತಿನ ಜಾಗದಲ್ಲಿ ಹೊಸ ಫೈಲ್ ಇಟ್ಟು, ಎಡಿಟಿಂಗಿನ ಉಳಿದ ಸೆಟಿಂಗ್ ಹಾಗೇ ಬಿಟ್ಟು, ಅಮ್ಮನ ಹಳೆಯ ಫೋನಿನಲ್ಲಿ ಓಡಿಸಿದೆ. ಮಾತು ಇತ್ತು. ಆದರೆ ದಪ್ಪ, ಮಬ್ಬು. ಹಲಸಿನ ಹಣ್ಣು ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ.

ಎರಡನೆಯ ತಪ್ಪು: ಮೊದಲನೆಯದಕ್ಕೆ ಹಾಕಿದ ತೇಪೆ

ಎಡಿಟ್ ಮಾಡುವಾಗ ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಮಾತು ತೆಳುವಾಗಿ ಕೇಳಿತ್ತು. ಮೇಷ್ಟರದ್ದು ಗಡಸು ದನಿ, ಹೀಗೇಕೆ ಕೀರಲು ಬರುತ್ತಿದೆ ಎಂದುಕೊಂಡು 180 ಹರ್ಟ್ಜ್ ಹತ್ತಿರ 6 ಡೆಸಿಬೆಲ್ ಏರಿಸಿದ್ದೆ. ಈಗ ನೋಡಿದರೆ ಆ ತೆಳುವಿಗೂ ಕಾರಣ ಚಾನೆಲ್ ಉಲ್ಟಾ ಇದ್ದದ್ದೇ. 150 ಹರ್ಟ್ಜ್ ಶಬ್ದದ ಅಲೆ ಎರಡು ಮೀಟರಿಗಿಂತ ಉದ್ದ. ಲ್ಯಾಪ್‌ಟಾಪಿನ ಎರಡು ಸ್ಪೀಕರ್ ನಡುವೆ ಒಂದು ಗೇಣು ಜಾಗ. ಅಷ್ಟು ಹತ್ತಿರದಿಂದ ಹೊರಟ ಉಲ್ಟಾ ಅಲೆಗಳು ಗಾಳಿಯಲ್ಲೇ ಒಂದನ್ನೊಂದು ತಿಂದುಹಾಕುತ್ತವೆ. 3000 ಹರ್ಟ್ಜಿನ ಅಲೆ ಬರೀ 11 ಸೆಂಟಿಮೀಟರ್. ಅದು ಕೆಲವು ಕಡೆ ಕೂಡುತ್ತದೆ, ಕೆಲವು ಕಡೆ ಕಳೆಯುತ್ತದೆ, ಒಟ್ಟಾರೆ ಉಳಿಯುತ್ತದೆ. ಹಾಗಾಗಿ ಕೆಳಗಿನ ಸ್ವರ ಹೋಗಿ ಮೇಲಿನದು ಮಾತ್ರ ಕೇಳಿತ್ತು. ಇಲ್ಲದ ಕಾಯಿಲೆಗೆ ಔಷಧಿ ಕೊಟ್ಟಿದ್ದೆ. ಈಗ ನಿಜವಾದ ಕಾಯಿಲೆ ಹೋದ ಮೇಲೆ ಆ ಔಷಧಿಯೇ ಕಾಯಿಲೆಯಾಯಿತು.

ಆದ್ದರಿಂದ ಚಾನೆಲ್ ಸರಿಪಡಿಸಿದ ತಕ್ಷಣ ಮಾತಿನ ಟ್ರ್ಯಾಕಿನ ಮೇಲಿರುವ ಸ್ವರ ಏರಿಸುವ ಇಳಿಸುವ ಎಲ್ಲ ಈಕ್ವಲೈಸರನ್ನೂ ತೆಗೆದು ಸೊನ್ನೆಯಿಂದ ಶುರು ಮಾಡಿ. ಇದರಲ್ಲಿ ಕಂಜೂಸುತನ ಬೇಡ.

ಫೋನಿನ ಸ್ಪೀಕರ್ ಬೆರಳ ಉಗುರಿನಷ್ಟು. ಕೆಲವು ನೂರು ಹರ್ಟ್ಜಿಗಿಂತ ಕೆಳಗೆ ಅದರಿಂದ ಹೆಚ್ಚೇನೂ ಬರುವುದಿಲ್ಲ. ಗಂಡಸಿನ ದನಿಯ ಮೂಲ ಸ್ವರ ಸುಮಾರು 85ರಿಂದ 155 ಹರ್ಟ್ಜ್, ಅಂದರೆ ಫೋನ್ ಅದನ್ನು ನುಡಿಸುವುದೇ ಇಲ್ಲ. ಆದರೂ ನಮಗೆ ಗಂಡಸಿನ ದನಿ ಗಂಡಸಿನದ್ದಾಗಿಯೇ ಕೇಳುತ್ತದೆ, ಅಲ್ವಾ? ಮೇಲಿನ ಸ್ವರಗಳನ್ನು ಕೇಳಿ ಕಿವಿ ತಾನೇ ಮೂಲವನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಫೋನಿಗಾಗಿ ಕೆಳಸ್ವರ ಏರಿಸುವುದು ತೂತಾದ ಕೊಡಕ್ಕೆ ನೀರು ತುಂಬಿದ ಹಾಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಲೌಡ್‌ನೆಸ್ ಮೀಟರ್ 150ರಿಂದ 250 ಹರ್ಟ್ಜಿನ ಶಬ್ದವನ್ನು ಬಹುತೇಕ ಪೂರ್ತಿಯಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಮೀಟರಿನಲ್ಲಿ ಜೋರು, ಫೋನಿನಲ್ಲಿ ಮೆತ್ತಗೆ. ನನ್ನ ಆ 6 ಡೆಸಿಬೆಲ್ ತೆಗೆದಾಗ ಮೀಟರ್ ಎರಡು ಅಂಕ ಕೆಳಗಿಳಿಯಿತು. ಫೋನಿನಲ್ಲಿ ಮಾತು ಚೂರೂ ಸಣ್ಣಗಾಗಲಿಲ್ಲ.

ಆಮೇಲೆ ಮಾಡಿದ್ದು ಇಷ್ಟೇ. 90 ಹರ್ಟ್ಜಿನ ಕೆಳಗಿನದನ್ನು ಕತ್ತರಿಸಿದೆ. 300ರ ಆಸುಪಾಸಿನಲ್ಲಿ ಡಬ್ಬದೊಳಗಿನ ಹಾಗಿದ್ದ ಗುಂಯ್‌ಗುಡುವಿಕೆಯನ್ನು 3 ಡೆಸಿಬೆಲ್ ಇಳಿಸಿದೆ. 2500 ಹರ್ಟ್ಜ್ ಹತ್ತಿರ ಅಗಲವಾಗಿ 2 ಡೆಸಿಬೆಲ್ ಏರಿಸಿದೆ. ಈ ಕೊನೆಯದು ಕನ್ನಡಕ್ಕೆ ಮುಖ್ಯ. ಲ ಮತ್ತು ಳ ಬೇರೆ ಎಂದು ಕಿವಿಗೆ ತಿಳಿಯುವುದು ಹೆಚ್ಚಾಗಿ 2000ದಿಂದ 3000 ಹರ್ಟ್ಜಿನ ನಡುವೆ ಸ್ವರ ಎಲ್ಲಿ ದಟ್ಟವಾಗಿದೆ ಎಂಬುದರಿಂದ. ಅಲ್ಲಿ ಮಬ್ಬಾದರೆ "ಕಾಲು" ಯಾವುದು "ಕಾಳು" ಯಾವುದು ಎಂದು ಗೊತ್ತಾಗುವುದಿಲ್ಲ. ಕಾಫಿ ಬೆಳೆಗಾರರ ವಿಡಿಯೋದಲ್ಲಿ ಕಾಳು ಎಷ್ಟು ಸಲ ಬರುತ್ತದೆ ಲೆಕ್ಕ ಹಾಕಿ.

ಆದರೆ 2 ಡೆಸಿಬೆಲ್ ಚೆನ್ನಾಗಿದೆ ಎಂದು 6 ಮಾಡಬೇಡಿ. ಫೋನಿನಲ್ಲಿ ಇನ್ನೂ ಸ್ಪಷ್ಟ ಅನಿಸುತ್ತದೆ, ನಿಜ. ಅದೇ ವಿಡಿಯೋ ಕಿವಿಯೊಳಗೆ ಕೂರುವ ಅಗ್ಗದ ಇಯರ್‌ಫೋನಿನಲ್ಲಿ ಕೇಳಿದರೆ ಪ್ರತಿ "ಸ", ಪ್ರತಿ "ಚ" ಸೂಜಿಯ ಹಾಗೆ ಚುಚ್ಚುತ್ತದೆ. ಐದು ನಿಮಿಷಕ್ಕೆ ತಲೆನೋವು. ಏರಿಸಿದ ಪ್ರತಿ ಸಲ ಇಯರ್‌ಫೋನಿಗೆ ಬದಲಾಯಿಸಿ ಒಮ್ಮೆ ಕೇಳಿ, ಅಷ್ಟು ಸಾಕು.

ವಾಕ್ಯದ ಬಾಲ

ಇದು ಮೂರರಲ್ಲಿ ಸೇರಿದ ತಪ್ಪಲ್ಲ. ಮೇಷ್ಟರ ಮಾತಿನ ರೀತಿ, ನಮ್ಮ ಭಾಷೆಯ ರೀತಿ. ಆದರೆ ಇದಕ್ಕೇ ನಾನು ಹೆಚ್ಚು ಹೊತ್ತು ಕೂತೆ.

ಮಾತಾಡುವವರು ವಾಕ್ಯ ಶುರು ಮಾಡುವಾಗ ಜೋರಾಗಿರುತ್ತಾರೆ, ಮುಗಿಸುವಾಗ ಉಸಿರು ಇಳಿದಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ. ಬೇಕು, ಬಾರದು, ಇಲ್ಲ, ಎಲ್ಲವೂ ಬಾಲದಲ್ಲಿ. ಮೇಷ್ಟರು ಒಂದು ಕಡೆ "ಈ ಸಮಯದಲ್ಲಿ ನೆರಳಿನ ಮರ ಜಾಸ್ತಿ ಕಡಿಯಬಾರದು" ಎನ್ನುತ್ತಾರೆ. ಬಿಸಿಲು ಬಿದ್ದ ಗಿಡವೇ ಈ ದುಂಬಿಗೆ ಇಷ್ಟ, ಹಾಗಾಗಿ ಆ ಮಾತು ಮುಖ್ಯ. ಫೋನಿನಲ್ಲಿ ಕೇಳಿದ್ದು "ನೆರಳಿನ ಮರ ಜಾಸ್ತಿ ಕಡಿಯ..." ಅಷ್ಟೇ. ಉಳಿದದ್ದನ್ನು ಕೇಳುವವರು ಊಹಿಸಬೇಕು. ಹೆಡ್‌ಫೋನಿನಲ್ಲಿ "ಬಾರದು" ಮೆತ್ತಗೆ ಇದ್ದರೂ ಕೇಳುತ್ತದೆ, ಸುತ್ತ ಸದ್ದಿಲ್ಲವಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುತ್ತಿರುವ ಕಡೆ ಫೋನ್ ಹಿಡಿದರೆ ಅದು ಸದ್ದಿನೊಳಗೆ ಮುಳುಗುತ್ತದೆ.

ಕಂಪ್ರೆಸರ್ ಹಾಕಿದರೆ ಆಯಿತಲ್ಲ ಎನ್ನಬಹುದು. ಅದು ಜೋರಾದದ್ದನ್ನು ಒತ್ತಿ ಮೆತ್ತನೆಯದನ್ನು ಹತ್ತಿರ ತರುತ್ತದೆ. ಆದರೆ ತಲೆ ಮತ್ತು ಬಾಲದ ನಡುವೆ 12 ಡೆಸಿಬೆಲ್ ಅಂತರ ಇದ್ದಾಗ ಎಲ್ಲವನ್ನೂ ಅದರ ಮೇಲೆ ಹೊರಿಸಿದರೆ ಮಾತು ಉಸಿರುಕಟ್ಟಿದ ಹಾಗೆ ಆಗುತ್ತದೆ. ಮಧ್ಯೆ ಮಾತು ನಿಂತಾಗ ಸಭೆಯ ಗುಜುಗುಜು ಉಬ್ಬಿ ಬರುತ್ತದೆ. ಅದಕ್ಕೆ ಮೊದಲು ಕೈಯಲ್ಲಿ ಮಾಡಿ. ಅಲೆಯ ಚಿತ್ರ ನೋಡುತ್ತಾ ಹೋದರೆ ಬಾಲಗಳು ಕಣ್ಣಿಗೇ ಕಾಣುತ್ತವೆ. ಆ ಪದವನ್ನಷ್ಟೇ 4ರಿಂದ 6 ಡೆಸಿಬೆಲ್ ಏರಿಸಿ. ನಲವತ್ತು ನಿಮಿಷದ ಭಾಷಣಕ್ಕೆ ನನಗೆ ಎರಡು ಗಂಟೆ ಹಿಡಿಯಿತು. ಎಲ್ಲ ಬಾಲವನ್ನೂ ಮಾಡಲಿಲ್ಲ, ಬೇಕು ಮತ್ತು ಬಾರದು ಇರುವ ಕಡೆ ಒಂದನ್ನೂ ಬಿಡಲಿಲ್ಲ. ಆಮೇಲೆ ಕಂಪ್ರೆಸರ್ ಹಾಕಿದೆ. 3ಕ್ಕೆ 1 ಅನುಪಾತ, 10 ಮಿಲಿಸೆಕೆಂಡಿಗೆ ಹಿಡಿದು 150ಕ್ಕೆ ಬಿಡುವ ಹಾಗೆ. ಜೋರಾದ ಕಡೆ 4 ಡೆಸಿಬೆಲ್ ಒತ್ತುವಷ್ಟು ಇದ್ದರೆ ಸಾಕಾಯಿತು.

ಮೂರನೆಯ ತಪ್ಪು: ಕೊಳಲು

ಹೆಡ್‌ಫೋನಿನಲ್ಲಿ ಸಂಗೀತ ಎರಡು ಬದಿಗೆ ಹರಡಿಕೊಂಡು ಮಾತಿಗೆ ನಡುವೆ ಜಾಗ ಬಿಡುತ್ತದೆ. ಮಾತಿಗಿಂತ 12 ಡೆಸಿಬೆಲ್ ಕೆಳಗಿದ್ದರೂ ಹಿತವಾಗಿರುತ್ತದೆ. ಫೋನಿನಲ್ಲಿ ಬದಿ ಎಂಬುದೇ ಇಲ್ಲ, ಎಲ್ಲರೂ ಒಂದೇ ಬಾಗಿಲಲ್ಲಿ ಹೊರಬರಬೇಕು. ಮಾತಿನ ಕೆಳಗಿನ ಅರ್ಧ ಫೋನಿನಲ್ಲಿ ಉದುರಿಹೋಗುತ್ತದೆ, ಕೊಳಲಿಗೆ ಅಂಥ ನಷ್ಟ ಕಡಿಮೆ. ಫೋನ್ ಚೆನ್ನಾಗಿ ನುಡಿಸುವ ಜಾಗದಲ್ಲೇ ಅದು ಕೂತಿರುತ್ತದೆ. ಹಾಗಾಗಿ 12 ಡೆಸಿಬೆಲ್ ಅಂತರ ಫೋನಿನಲ್ಲಿ ಅಷ್ಟು ಉಳಿಯುವುದಿಲ್ಲ. ಭಾಷಣದ ಕೆಳಗೆ ಸಂಗೀತ ಹಾಕುವುದಾದರೆ ತಂಬೂರಿಯಂಥ ಕೆಳಶ್ರುತಿಯದ್ದು ಹಾಕಿ, 20 ಡೆಸಿಬೆಲ್ ಕೆಳಗಿಡಿ, 2000ದಿಂದ 4000 ಹರ್ಟ್ಜ್ ನಡುವೆ ಚೂರು ತಗ್ಗಿಸಿ.

ನನ್ನನ್ನು ಕೇಳಿದರೆ ಹಾಕಲೇಬೇಡಿ. ನಾನು ಶುರುವಿನ 12 ಸೆಕೆಂಡಿಗೆ ಮತ್ತು ಕೊನೆಗೆ ಮಾತ್ರ ಉಳಿಸಿಕೊಂಡೆ.

ಕೊನೆಗೆ ಮಟ್ಟ

ಲೌಡ್‌ನೆಸ್ ಅಳೆಯುವುದು ಕೊನೆಯ ಕೆಲಸ, ಮೊದಲಿನದಲ್ಲ. ಮೇಲಿನ ಯಾವುದನ್ನು ಮುಟ್ಟಿದರೂ ಅಂಕಿ ಬದಲಾಗುತ್ತದೆ.

ಅಳತೆಯ ಹೆಸರು ಲಫ್ಸ್, ಪರದೆಯ ಮೇಲೆ LUFS ಎಂದು ಕಾಣುತ್ತದೆ. ಯೂಟ್ಯೂಬ್ ಸುಮಾರು -14ಕ್ಕಿಂತ ಜೋರಾದ ವಿಡಿಯೋವನ್ನು ಓಡಿಸುವಾಗ ಆ ಮಟ್ಟಕ್ಕೆ ಇಳಿಸುತ್ತದೆ. ಮೆತ್ತಗಿದ್ದರೆ ಅದೇ ರೀತಿ ಏರಿಸಿ ಕೊಡುತ್ತದೆ ಎಂದು ನಂಬಿ ಕೂರಬೇಡಿ. ನಿಮ್ಮದು -22 ಇದ್ದರೆ ಹಿಂದಿನ ವಿಡಿಯೋಗಿಂತ 8 ಡೆಸಿಬೆಲ್ ಸಣ್ಣಗೆ ಕೇಳುತ್ತದೆ. ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ Stats for nerds ತೆರೆದರೆ content loudness ಎಂಬ ಅಂಕಿ ಕಾಣುತ್ತದೆ. ಅದು ದೊಡ್ಡ ಮೈನಸ್ ಆಗಿದ್ದರೆ ವಿಡಿಯೋ ಮೆತ್ತಗಿದೆ ಎಂದು.

ಹಾಕುವ ಮೊದಲು ಅಳೆಯಲು:

```
ffmpeg -i final.wav -af ebur128=peak=true -f null -
```

ಕೊನೆಯಲ್ಲಿ ಬರುವ I: ಎಂಬುದು ಒಟ್ಟು ಲೌಡ್‌ನೆಸ್, Peak: ಎಂಬುದು ಅತಿ ಎತ್ತರದ ತುದಿ. ನನ್ನದು -19.6 ಮತ್ತು -5.0 ಬಂತು. -15 ಸಾಕು ಎಂದುಕೊಂಡು 4.6 ಏರಿಸಬೇಕಾಯಿತು. ಆಗ ತುದಿ -0.4ಕ್ಕೆ ಹೋಗುತ್ತದೆ. ಆಡಿಯೋ ಕುಗ್ಗಿಸುವಾಗ ಅದು ಸೊನ್ನೆ ದಾಟಿ ಒಡೆಯಬಹುದು, ಅದಕ್ಕೆ ತುದಿ ಮೇಲೆ ಹೋಗದಂತೆ ತಡೆಯುವ ಲಿಮಿಟರನ್ನು -1ಕ್ಕೆ ಇಟ್ಟೆ. ಅದು ಅಲ್ಲೊಂದು ಇಲ್ಲೊಂದು ತುದಿಯನ್ನು ಅರ್ಧ ಡೆಸಿಬೆಲ್ ಸವರಿತು, ಕಿವಿಗೆ ಗೊತ್ತಾಗಲಿಲ್ಲ. ನಿಮ್ಮ ಲಿಮಿಟರ್ 5, 6 ಡೆಸಿಬೆಲ್ ಒತ್ತುತ್ತಿದ್ದರೆ ಹಿಂದಿನ ಹಂತಕ್ಕೆ ಹೋಗಿ, ಬಾಲ ಮತ್ತು ತಲೆಯ ಅಂತರ ಇನ್ನೂ ಉಳಿದಿದೆ.

ಒಂದು ಗುಂಡಿ ಇಲ್ಲಿದೆ, ಕಾಲು ಜಾರಬೇಡಿ. ಒಂದೇ ಚಾನೆಲ್ ಇರುವ ಫೈಲನ್ನು ಅಳೆದು, ಆಮೇಲೆ ಅದನ್ನು ಎಡ ಬಲ ಎರಡಕ್ಕೂ ಹಾಕಿದರೆ ಅಂಕಿ 3 ಏರುತ್ತದೆ. ಹಾಗಾಗಿ ಹೊರತೆಗೆದ ಕೊನೆಯ ಸ್ಟೀರಿಯೋ ಫೈಲನ್ನೇ ಅಳೆಯಿರಿ.

ಪರೀಕ್ಷೆ

ನಾನು ಮೂರು ಸಲ ಕೇಳುತ್ತೇನೆ. ಒಂದು ಸ್ಪೀಕರಿನ ಹಳೆಯ ಫೋನನ್ನು ಅರ್ಧ ವಾಲ್ಯೂಮಿನಲ್ಲಿ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ದೂರದಿಂದ. ಆಮೇಲೆ ಅಗ್ಗದ ಇಯರ್‌ಫೋನಿನಲ್ಲಿ, "ಸ" ಚುಚ್ಚುತ್ತದೆಯೇ, ಮಾತು ನಡುವೆ ಇದೆಯೇ ಎಂದು. ಮೂರನೆಯದು ನನ್ನ ಕಿವಿಯಲ್ಲ. ನಲವತ್ತು ಸಲ ಕೇಳಿದ ಮೇಲೆ ನನಗೆ ಮಾತು ಬಾಯಿಪಾಠ, ಇಲ್ಲದ ಪದವೂ ಕೇಳಿಸುತ್ತದೆ. ಅದಕ್ಕೆ ಅಮ್ಮನನ್ನು ಕೂರಿಸಿದೆ. ಪರದೆ ತೋರಿಸಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು.

"ಮರ ಕಡೀಬೇಕು ಅಂದ್ರಾ, ಕಡೀಬಾರ್ದು ಅಂದ್ರಾ?"

"ಕಡೀಬಾರ್ದು ಅಂದ್ರು. ಯಾಕೆ, ನಿಂಗೆ ಕೇಳ್ಲಿಲ್ವಾ?"

ಹಳೆಯ ವಿಡಿಯೋ ತೆಗೆದು ಹೊಸದನ್ನು ಹಾಕಿದೆ. ಚಿಕ್ಕಪ್ಪ ಈ ಸಲ ಫೋನ್ ಮಾಡಿ ಮೇಷ್ಟರ ಒಂದು ಮಾತಿಗೆ ತಕರಾರು ತೆಗೆದರು, ಅಂದರೆ ಪೂರ್ತಿ ಕೇಳಿದ್ದಾರೆ.

ಕೇಬಲ್ ಬಗ್ಗೆ

ಮುಂದಿನ ಸಭೆಗೆ ಎರಡು ದಾರಿ ಇವೆ. ಮಿಕ್ಸರಿನಲ್ಲಿ ರೆಕಾರ್ಡಿಂಗಿಗೆ ಅಂತ ಕೆಂಪು ಬಿಳಿ ಆರ್‌ಸಿಎ ಔಟ್ ಇದ್ದರೆ ಅದನ್ನು ಬಳಸಿ, ಅದರಲ್ಲಿ ಈ ಉಲ್ಟಾ ತಂತಿಯ ಗೊಡವೆ ಇಲ್ಲ. ಅದಿಲ್ಲದೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ನಿಂದಲೇ ತೆಗೆಯಬೇಕಾದರೆ ಬೇರೆ ಕೇಬಲ್ ಬೆಸುಗೆ ಹಾಕಿಸಿ. 1ನೇ ಪಿನ್ ಗ್ರೌಂಡ್, 2ನೇ ಪಿನ್ ನೇರ ಮಾತು, 3ನೇ ಪಿನ್ ಉಲ್ಟಾ. 2ನೇ ಪಿನ್ನನ್ನೇ ಸಣ್ಣ ಜ್ಯಾಕಿನ ತುದಿಗೂ ನಡುವಿನ ಪಟ್ಟಿಗೂ ಜೋಡಿಸಬೇಕು. ಈಗಿನ ಹೆಚ್ಚಿನ ಮಿಕ್ಸರ್‌ಗಳಿಗೆ 3ನೇ ಪಿನ್ ಸುಮ್ನೆ ಬಿಟ್ಟರೆ ಆಯಿತು. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಔಟ್‌ಪುಟ್ ಆದರೆ ಅದನ್ನು 1ಕ್ಕೆ ಸೇರಿಸಬೇಕಾಗುತ್ತದೆ. ಮಿಕ್ಸರಿನಿಂದ ಬರುವ ಲೈನ್ ಮಟ್ಟ ಕ್ಯಾಮೆರಾದ ಮೈಕ್ ಜ್ಯಾಕಿಗೆ ಬಹಳ ಜೋರು. ಕ್ಯಾಮೆರಾದಲ್ಲಿ ಲೈನ್ ಎಂಬ ಆಯ್ಕೆ ಇಲ್ಲದಿದ್ದರೆ ನಡುವೆ ಮಟ್ಟ ಇಳಿಸುವ ಅಟೆನುಯೇಟರ್ ಇರಲಿ, ಇಲ್ಲದಿದ್ದರೆ ಮೂಲದಲ್ಲೇ ಒಡೆದ ಮಾತು ಸಿಗುತ್ತದೆ. ಅದನ್ನು ಯಾವ ಲೆಕ್ಕದಿಂದಲೂ ವಾಪಸ್ ತರಲು ಆಗುವುದಿಲ್ಲ.

ಹಳೆಯ ಕೇಬಲನ್ನು ಎಸೆಯಲಿಲ್ಲ, ಸ್ಪೀಕರಿಗೆ ಬೇಕಾಗುತ್ತದೆ. ಅದರ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಈಗ ಸಭೆ ಶುರುವಾಗುವ ಮೊದಲು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಫೋನಿಗೆ ಕಳಿಸಿಕೊಂಡು, ಇಯರ್‌ಫೋನ್ ಹಾಕದೆ ಕೇಳುತ್ತೇನೆ. "ಹಲೋ, ಮೈಕ್ ಚೆಕ್" ಫೋನಿನಿಂದ ಕೇಳಿದ ಮೇಲೆಯೇ ಟ್ರೈಪಾಡ್ ಕಡೆಗೆ ಹೋಗುತ್ತೇನೆ.